ತಾಮ್ರ, ಬೆಳ್ಳಿ ಮತ್ತು ಎಲೆಕ್ಟ್ರಾನಿನ ದಾರಿ

ಬೆಳ್ಳಿ ನೈಟ್ರೇಟಿನ ಬಣ್ಣವಿಲ್ಲದ ದ್ರಾವಣದಲ್ಲಿ ತಾಮ್ರದ ಪಟ್ಟಿಯೊಂದನ್ನು ಇಳಿಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಪಟ್ಟಿಯ ಮೇಲೆ ಬೆಳ್ಳಿಯ ಸೂಜಿಯಂಥ ಹರಳುಗಳು ಮೂಡುತ್ತವೆ, ದ್ರಾವಣ ನಿಧಾನವಾಗಿ ನೀಲಿಗೆ ತಿರುಗುತ್ತದೆ. ತಾಮ್ರದ ಸಲ್ಫೇಟಿನ ನೀಲಿ ದ್ರಾವಣದಲ್ಲಿ ಬೆಳ್ಳಿಯ ಪಟ್ಟಿಯನ್ನು ಇಟ್ಟು ಎಷ್ಟು ಕಾದರೂ ಏನೂ ಆಗುವುದಿಲ್ಲ. ಒಂದೇ ಕ್ರಿಯೆ ಒಂದು ದಿಕ್ಕಿನಲ್ಲಿ ತಾನಾಗಿ ನಡೆಯುತ್ತದೆ, ಎದುರು ದಿಕ್ಕಿನಲ್ಲಿ ನಡೆಯುವುದಿಲ್ಲ. ಯಾವ ದಿಕ್ಕು ಎಂಬುದನ್ನು ಪ್ರಯೋಗ ಮಾಡದೆಯೇ ಹೇಳಲು ರಸಾಯನಶಾಸ್ತ್ರದ ಪುಸ್ತಕಗಳ ಕೊನೆಯಲ್ಲಿರುವ ಪ್ರಮಾಣ ವಿದ್ಯುದ್ವಾರ ವಿಭವಗಳ ಪಟ್ಟಿ ಸಾಕು.

ಒಂಟಿ ವಿದ್ಯುದ್ವಾರದ ವಿಭವವನ್ನು ಅಳೆಯುವ ಉಪಾಯವಿಲ್ಲ. ವೋಲ್ಟ್‌ಮೀಟರಿಗೆ ಎರಡು ತುದಿಗಳಿವೆ, ಅದು ತೋರಿಸುವುದು ಎರಡು ವಿದ್ಯುದ್ವಾರಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಆದ್ದರಿಂದ ಹೈಡ್ರೋಜನ್ ವಿದ್ಯುದ್ವಾರಕ್ಕೆ ಸೊನ್ನೆ ಎಂದು ಬೆಲೆ ಕಟ್ಟಿ, ಉಳಿದೆಲ್ಲವನ್ನೂ ಅದಕ್ಕೆ ಜೋಡಿಸಿ ಅಳೆದಿದ್ದಾರೆ. ಅಯಾನುಗಳ ಸಾರತೆ ಲೀಟರಿಗೆ 1 ಮೋಲ್, ಅನಿಲದ ಒತ್ತಡ 1 ಬಾರ್ ಇರಬೇಕು. ಪಟ್ಟಿಯ ಬೆಲೆಗಳು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್‌ಗೆ ಸೇರಿದವು. ಈ ಸ್ಥಿತಿಯಲ್ಲಿ ಬೆಳ್ಳಿಗೆ +0.80 ವೋಲ್ಟ್, ತಾಮ್ರಕ್ಕೆ +0.34, ಸತುವಿಗೆ −0.76. ಇವೆಲ್ಲ ಅಪಕರ್ಷಣ ವಿಭವಗಳು, ಅಂದರೆ ಅಯಾನು ಎಲೆಕ್ಟ್ರಾನನ್ನು ಪಡೆದು ಲೋಹವಾಗುವ ಒಲವಿನ ಅಳತೆ. ಬೆಲೆ ಹೆಚ್ಚಿದ್ದಷ್ಟೂ ಎಲೆಕ್ಟ್ರಾನಿನ ಮೇಲಿನ ಸೆಳೆತ ಹೆಚ್ಚು. ಹಳೆಯ ಅಮೆರಿಕನ್ ಪುಸ್ತಕಗಳಲ್ಲಿ ಉತ್ಕರ್ಷಣ ವಿಭವಗಳನ್ನು ಕೊಡುವ ರೂಢಿಯಿತ್ತು, ಅಲ್ಲಿ ಸತುವಿನ ಬೆಲೆ +0.76 ಎಂದಿರುತ್ತದೆ. ಪಟ್ಟಿಯನ್ನು ಬಳಸುವ ಮೊದಲು ಸತುವಿನ ಚಿಹ್ನೆಯನ್ನು ನೋಡಿಕೊಂಡರೆ ಅದು ಯಾವ ಬಗೆಯ ಪಟ್ಟಿಯೆಂಬುದು ಗೊತ್ತಾಗಿಬಿಡುತ್ತದೆ.

ತಾಮ್ರ ಮತ್ತು ಬೆಳ್ಳಿಯ ವಿದ್ಯುದ್ವಾರಗಳನ್ನು ಲವಣ ಸೇತುವೆಯಿಂದ ಜೋಡಿಸಿ ಕೋಶ ಕಟ್ಟಿದಾಗ, ಬೆಲೆ ಹೆಚ್ಚಿರುವ ಬೆಳ್ಳಿಯ ಕಡೆ ಅಪಕರ್ಷಣೆ ನಡೆಯುತ್ತದೆ; ಅದು ಕ್ಯಾಥೋಡ್. ತಾಮ್ರ ಎಲೆಕ್ಟ್ರಾನು ಕಳೆದುಕೊಂಡು ಕರಗುತ್ತದೆ, ಅದು ಆನೋಡ್. ಕೋಶದ ವಿಭವವೆಂದರೆ ಕ್ಯಾಥೋಡಿನ ಬೆಲೆಯಿಂದ ಆನೋಡಿನ ಬೆಲೆಯನ್ನು ಕಳೆದದ್ದು:

E° = 0.80 − 0.34 = 0.46 V

ಎರಡನ್ನೂ ಪಟ್ಟಿಯಲ್ಲಿರುವಂತೆಯೇ ತೆಗೆದುಕೊಂಡು ಒಮ್ಮೆ ಕಳೆದರೆ ಆಯಿತು. ಆನೋಡಿನ ಚಿಹ್ನೆಯನ್ನು ತಿರುಗಿಸಿ ಕೂಡುವ ಇನ್ನೊಂದು ದಾರಿಯೂ ಸರಿಯೇ. ಆದರೆ ಚಿಹ್ನೆ ತಿರುಗಿಸಿದ ಮೇಲೂ ಕಳೆಯುವವರು ಬಹಳ ಮಂದಿ, ಅವರಿಗೆ 1.14 ಎಂಬ ತಪ್ಪು ಉತ್ತರ ಸಿಗುತ್ತದೆ. ಎರಡು ದಾರಿಗಳಲ್ಲಿ ಒಂದನ್ನೇ ಹಿಡಿದು ಬಿಡದಿರುವುದು ಕ್ಷೇಮ.

ಇನ್ನೊಂದು ತಪ್ಪು ಸಮೀಕರಣವನ್ನು ಸರಿದೂಗಿಸುವಾಗ ನುಸುಳುತ್ತದೆ. ತಾಮ್ರ ಎರಡು ಎಲೆಕ್ಟ್ರಾನುಗಳನ್ನು ಬಿಡುತ್ತದೆ, ಬೆಳ್ಳಿಯ ಅಯಾನು ಒಂದನ್ನೇ ಹಿಡಿಯುತ್ತದೆ. ಹಾಗಾಗಿ ಬೆಳ್ಳಿಯ ಅರ್ಧಕ್ರಿಯೆಯನ್ನು ಎರಡರಿಂದ ಗುಣಿಸಬೇಕು:

Cu + 2Ag⁺ → Cu²⁺ + 2Ag

ಆಗ 0.80 ಅನ್ನೂ ಎರಡರಿಂದ ಗುಣಿಸುವ ಆಸೆ ಹುಟ್ಟುತ್ತದೆ. ಗುಣಿಸಕೂಡದು. ಒಂದು ವೋಲ್ಟ್ ಎಂದರೆ ಒಂದು ಕೂಲಂಬ್ ಆವೇಶಕ್ಕೆ ಒಂದು ಜೂಲ್ ಶಕ್ತಿ. ಎರಡು ಕಿಲೋ ಅಕ್ಕಿ ಕೊಂಡಾಗ ಕಿಲೋ ಒಂದರ ದರ ಇಮ್ಮಡಿಯಾಗದಂತೆ, ಎಲೆಕ್ಟ್ರಾನುಗಳು ಇಮ್ಮಡಿಯಾದಾಗ ವಿಭವ ಬದಲಾಗುವುದಿಲ್ಲ. ಇಮ್ಮಡಿಯಾಗುವುದು ಒಟ್ಟು ಶಕ್ತಿ, ಮತ್ತು ಅದನ್ನು ಲೆಕ್ಕಕ್ಕೆ ತರುವ ಜಾಗ ಬೇರೆಯೇ ಇದೆ. ΔG° = −nFE° ಎಂಬ ಸೂತ್ರದಲ್ಲಿ n ಎಂದರೆ ಎಲೆಕ್ಟ್ರಾನುಗಳ ಸಂಖ್ಯೆ, F ಎಂದರೆ ಒಂದು ಮೋಲ್ ಎಲೆಕ್ಟ್ರಾನಿನ ಆವೇಶ, ಸುಮಾರು 96,500 ಕೂಲಂಬ್. ಇಲ್ಲಿ n = 2 ಆದ್ದರಿಂದ ΔG° ಸುಮಾರು −89 ಕಿಲೋಜೂಲ್. ΔG° ಋಣವಾಗಿದ್ದರೆ ಪ್ರಮಾಣ ಸ್ಥಿತಿಯಲ್ಲಿ ಕ್ರಿಯೆ ತಾನಾಗಿ ನಡೆಯುತ್ತದೆ. ಸೂತ್ರದಲ್ಲಿ ಮೊದಲೇ ಒಂದು ಋಣಚಿಹ್ನೆ ಇರುವುದರಿಂದ, E° ಧನವಾದಾಗ ΔG° ಋಣವಾಗುತ್ತದೆ. ವಿಭವದ ಚಿಹ್ನೆ ದಿಕ್ಕನ್ನು ಹೇಳುವುದು ಈ ಕಾರಣಕ್ಕೆ.

ದ್ವಿತೀಯ ಪಿಯು ಮಟ್ಟದ ಪ್ರಶ್ನೆಗಳಲ್ಲಿ ನಿಜವಾದ ತೊಡಕು ಗಣಿತದ್ದಲ್ಲ, ಪ್ರಶ್ನೆ ಏನನ್ನು ಕೇಳುತ್ತಿದೆ ಎಂಬುದರದ್ದು. ಎರಡು ವಿದ್ಯುದ್ವಾರಗಳನ್ನು ಹೆಸರಿಸಿ ಅವುಗಳಿಂದಾಗುವ ಕೋಶದ ವಿಭವ ಕೇಳಿದರೆ, ದಿಕ್ಕನ್ನು ಆರಿಸುವುದು ಬಿಡಿಸುವವರ ಕೈಯಲ್ಲಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆದರೆ ಉತ್ತರ ಧನವಾಗಿಯೇ ಬರುತ್ತದೆ. ಕ್ರಿಯೆಯೊಂದನ್ನು ಬರೆದುಕೊಟ್ಟು ಅದು ತಾನಾಗಿ ನಡೆಯುವುದೇ ಎಂದು ಕೇಳಿದರೆ ದಿಕ್ಕು ಆಗಲೇ ನಿಗದಿಯಾಗಿದೆ, ಅದನ್ನು ಮುಟ್ಟುವಂತಿಲ್ಲ. ಉದಾಹರಣೆಗೆ:

2Ag + Cu²⁺ → 2Ag⁺ + Cu

ಇಲ್ಲಿ ಎಲೆಕ್ಟ್ರಾನು ಪಡೆಯುತ್ತಿರುವುದು ತಾಮ್ರ, ಆದ್ದರಿಂದ ಬೆಲೆ ಎಷ್ಟೇ ಇರಲಿ, ಬರೆದಿರುವ ಪ್ರಕಾರ ತಾಮ್ರವೇ ಕ್ಯಾಥೋಡ್. 0.34 − 0.80 = −0.46. ಋಣ ಉತ್ತರ ಕಂಡು ಲೆಕ್ಕ ತಪ್ಪಿತೆಂದು ಚಿಹ್ನೆಯನ್ನು ಅಳಿಸುವುದೇ ಇಲ್ಲಿ ಆಗುವ ತಪ್ಪು. ಬರೆದ ದಿಕ್ಕಿನಲ್ಲಿ ಕ್ರಿಯೆ ತಾನಾಗಿ ನಡೆಯದು, ಎದುರು ದಿಕ್ಕಿನಲ್ಲಿ ನಡೆಯುತ್ತದೆ ಎಂಬ ಪೂರ್ತಿ ಉತ್ತರ ಆ ಚಿಹ್ನೆಯಲ್ಲೇ ಇದೆ. ಹೊರಗಿನಿಂದ 0.46 ವೋಲ್ಟಿಗಿಂತ ಹೆಚ್ಚಿನ ವಿಭವ ಹೇರಿದರೆ ಬೆಳ್ಳಿಯನ್ನು ಕರಗಿಸಿ ತಾಮ್ರವನ್ನು ಕೂರಿಸಲೂ ಆಗುತ್ತದೆ. ಆದರೆ ಅದು ವಿದ್ಯುದ್ವಿಭಜನೆ, ತಾನಾಗಿ ನಡೆಯುವ ಕ್ರಿಯೆಯಲ್ಲ.

ಪ್ರಮಾಣ ಬೆಲೆಗಳ ತೀರ್ಪು ಪ್ರಮಾಣ ಸ್ಥಿತಿಗೆ ಮಾತ್ರ ಸಲ್ಲುತ್ತದೆ. ಇದು ಚೆನ್ನಾಗಿ ಕಾಣುವುದು ತವರ ಮತ್ತು ಸೀಸದ ಜೋಡಿಯಲ್ಲಿ. ತವರಕ್ಕೆ −0.14, ಸೀಸಕ್ಕೆ −0.13, ಅಂತರ ಬರೀ 0.01 ವೋಲ್ಟ್. ಎರಡೂ ದ್ರಾವಣಗಳ ಸಾರತೆ 1 ಮೋಲ್ ಇದ್ದಾಗ ತವರ ಕರಗಿ ಸೀಸ ಕೂರುತ್ತದೆ:

Sn + Pb²⁺ → Sn²⁺ + Pb

ಸೀಸದ ಅಯಾನುಗಳ ಸಾರತೆಯನ್ನು ನೂರನೇ ಒಂದು ಭಾಗಕ್ಕೆ, ಅಂದರೆ 0.01 ಮೋಲಿಗೆ ಇಳಿಸಿದರೆ ನೆರ್ನ್‌ಸ್ಟ್ ಸಮೀಕರಣ ಬೇಕಾಗುತ್ತದೆ. 25 ಡಿಗ್ರಿಯಲ್ಲಿ, ಎರಡು ಎಲೆಕ್ಟ್ರಾನುಗಳ ಕ್ರಿಯೆಗೆ:

E = 0.01 − (0.059/2) × log(1/0.01) = 0.01 − 0.059 = −0.049 V

ಚಿಹ್ನೆ ಮಗುಚಿತು. ಈಗ ಸೀಸವೇ ಕರಗುತ್ತದೆ, ತವರ ಕೂರುತ್ತದೆ. ತವರದ ಅಯಾನುಗಳು ಸೀಸದ ಅಯಾನುಗಳ ಎರಡು ಪಟ್ಟಿಗಿಂತ ತುಸು ಹೆಚ್ಚಾಗಿದ್ದಾಗ ವಿಭವ ಸೊನ್ನೆಗೆ ಬರುತ್ತದೆ, ಅದೇ ಸಮತೋಲನ. ತಾಮ್ರ–ಬೆಳ್ಳಿ ಜೋಡಿಯನ್ನು ಹೀಗೆ ಮಗುಚಬೇಕೆಂದರೆ ಲಾಗರಿತಮಿನ ಒಳಗಿನ ಅನುಪಾತ 10¹⁵ ದಾಟಬೇಕು, ಬರಿದೆ ನೀರು ಬೆರೆಸಿ ಅಲ್ಲಿಗೆ ತಲುಪಲಾಗದು. ಹಾಗಾಗಿ ಅಂತರ ದೊಡ್ಡದಿದ್ದಾಗ ಪಟ್ಟಿಯನ್ನು ನೆಚ್ಚಿಕೊಳ್ಳಬಹುದು, ಅದು ಕೆಲವೇ ಶತಾಂಶ ವೋಲ್ಟ್ ಆಗಿದ್ದರೆ ಸಾರತೆಯನ್ನು ಕೇಳದೆ ಏನನ್ನೂ ಹೇಳಬಾರದು.

ವಿಭವ ದಿಕ್ಕನ್ನು ತಿಳಿಸುತ್ತದೆ, ವೇಗವನ್ನಲ್ಲ. ಅಲ್ಯುಮಿನಿಯಮ್ಮಿನ ಬೆಲೆ −1.66, ತಾಮ್ರದೊಂದಿಗಿನ ಅಂತರ ಪೂರ್ತಿ 2 ವೋಲ್ಟ್. ಲೆಕ್ಕದ ಪ್ರಕಾರ ತಾಮ್ರದ ಸಲ್ಫೇಟಿನಲ್ಲಿ ಅಲ್ಯುಮಿನಿಯಮ್ ತಟಕ್ಕನೆ ಕರಗಬೇಕೆನಿಸುತ್ತದೆ. ಆದರೆ ಅದರ ಮೈಮೇಲಿನ ತೆಳುವಾದ ಆಕ್ಸೈಡ್ ಪೊರೆ ದ್ರಾವಣವನ್ನು ಲೋಹದ ಹತ್ತಿರ ಬಿಡುವುದಿಲ್ಲ, ಹಾಳೆ ಬಹಳ ಹೊತ್ತು ಹಾಗೆಯೇ ಹೊಳೆಯುತ್ತಿರುತ್ತದೆ. ದ್ರಾವಣಕ್ಕೆ ಅಡುಗೆ ಉಪ್ಪು ಹಾಕಿದರೆ ಕ್ಲೋರೈಡ್ ಅಯಾನುಗಳು ಪೊರೆಯನ್ನು ಕೆಡಿಸುತ್ತವೆ. ಆಮೇಲೆ ದ್ರಾವಣ ಬಿಸಿಯೇರಿ, ಹಾಳೆ ತೂತುಬಿದ್ದು, ಕೆಂಪು ತಾಮ್ರ ಉದುರತೊಡಗುತ್ತದೆ.