ಸೆಖೆಯ ನಾಡಿನಲ್ಲಿ ಹಸುಗೂಸಿನ ಬೆವರುಸಾಲೆ

ಧಾರವಾಡದ ಬೇಸಿಗೆಗೂ ಕಾರವಾರದ ಬೇಸಿಗೆಗೂ ಇರುವ ಅಂತರವನ್ನು ದೊಡ್ಡವರು ಒಂದೆರಡು ದಿನಗಳಲ್ಲಿಯೇ ಅರಿತುಕೊಳ್ಳುತ್ತಾರೆ. ಧಾರವಾಡದಲ್ಲಿ ಬಿಸಿಲು ಸುಡುತ್ತದೆಯಾದರೂ ಮೈಮೇಲಿನ ಬೆವರು ಬೇಗ ಆರಿಹೋಗುತ್ತದೆ. ಸಂಜೆಯಾದರೆ ಗಾಳಿಯೂ ತಂಪಾಗುತ್ತದೆ. ಕಾರವಾರದಲ್ಲಿ ಬಿಸಿಲು ಅಷ್ಟಿಲ್ಲವೆನಿಸಿದರೂ ಬೆವರು ಆರುವುದಿಲ್ಲ. ರಾತ್ರಿಯಲ್ಲಿಯೂ ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಕರಾವಳಿಯವರು ಇದನ್ನೇ ಸೆಖೆ ಎನ್ನುತ್ತಾರೆ. ಈ ಸೆಖೆಯು ಎರಡು ತಿಂಗಳ ಕೂಸನ್ನು ಹೇಗೆ ಕಾಡುತ್ತದೆ ಎಂಬುದನ್ನು ಒಂದು ಮೇ ತಿಂಗಳಲ್ಲಿ ನಾವು ನಮ್ಮ ಬಳಗದ ಮನೆಯಲ್ಲಿಯೇ ಕಂಡೆವು.

ನಮ್ಮ ತಂಗಿಯ ಮಗಳು ಗಂಡನ ನೌಕರಿಯ ನಿಮಿತ್ತ ಕಾರವಾರದಲ್ಲಿದ್ದಳು. ಎರಡನೆಯ ಹೆರಿಗೆಯಾದ್ದರಿಂದ ತವರಿಗೆ ಬರಲಿಲ್ಲ. ಬಾಣಂತನಕ್ಕೆಂದು ತಂಗಿಯೇ ಹಳ್ಳಿಯಿಂದ ಅಲ್ಲಿಗೆ ಹೋದಳು. ಹೋಗುವಾಗ ಕುಂಚಿಗೆ, ಕೌದಿ, ಲೋಬಾನಗಳನ್ನು ಗಂಟು ಕಟ್ಟಿಕೊಂಡು ಹೋಗಿದ್ದಳು. ನಾವು ಕೂಸನ್ನು ನೋಡಲು ಹೋದ ದಿನ ಮನೆಯಲ್ಲಿ ಯಾರ ಮುಖದಲ್ಲಿಯೂ ಗೆಲುವಿರಲಿಲ್ಲ. ಕೂಸು ಎರಡು ರಾತ್ರಿಗಳಿಂದ ನಿದ್ರೆ ಮಾಡಿರಲಿಲ್ಲ. ಕೊರಳ ಮಡಿಕೆಯಲ್ಲಿ, ಎದೆಯ ಮೇಲ್ಭಾಗದಲ್ಲಿ, ಕಂಕುಳಲ್ಲಿ ಮತ್ತು ಬೆನ್ನಿನ ತುಂಬ ಸಾಸಿವೆಯಷ್ಟು ಸಣ್ಣ ಕೆಂಪು ಗುಳ್ಳೆಗಳು ಎದ್ದಿದ್ದವು. "ಮೈಯಾಗ ಉಷ್ಣ ಏರೇತಿ ಅಕ್ಕಾ, ಇಕಿ ಮಾವಿನಹಣ್ಣು ತಿಂದಾಳ" ಎಂದು ತಂಗಿ ಮಗಳ ಮೇಲೆ ತಪ್ಪು ಹೊರಿಸಿದಳು. ಆ ಬಾಣಂತಿಗೆ ಅಂದಿನಿಂದ ಹಣ್ಣೂ ನಿಂತಿತ್ತು, ತುಸು ಖಾರವೂ ನಿಂತಿತ್ತು.

ಕೂಸಿನ ದಿನಚರಿ ಹೀಗಿತ್ತು. ಬೆಳಿಗ್ಗೆ ಮೈತುಂಬ ಕೊಬ್ಬರಿ ಎಣ್ಣೆ ತಿಕ್ಕಿ ಒಂದು ತಾಸು ಬಿಡುವುದು. ಬಳಿಕ ಚೆನ್ನಾಗಿ ಕಾದ ನೀರೆರೆದು, ಇನ್ನೂ ಬೆವರುತ್ತಿರುವಾಗಲೇ ಲೋಬಾನದ ಹೊಗೆ ಹಾಕುವುದು. ಕೊರಳು, ಕಂಕುಳು, ತೊಡೆಸಂದುಗಳಿಗೆ ಪೌಡರ್ ತುಂಬುವುದು. ಜುಬ್ಬ, ಕುಂಚಿಗೆ, ಕಾಲುಚೀಲಗಳನ್ನು ತೊಡಿಸಿ ಬಿಗಿಯಾಗಿ ಸುತ್ತಿ, ಮೇಣಗಪ್ಪಡ ಹಾಸಿದ ಹಾಸಿಗೆಯಲ್ಲಿ ಮಲಗಿಸುವುದು. "ಗಾಳಿ ತಾಗೀತು" ಎಂದು ಕಿಟಕಿಗಳನ್ನು ಮುಚ್ಚಿದ್ದರು. ಹಳ್ಳಿಯ ಚಳಿಗಾಲದಲ್ಲಿ ಮೊದಲ ಮೊಮ್ಮಗನಿಗೆ ಇದೇ ಉಪಚಾರ ನಡೆದಿತ್ತು, ಅವನಿಗೆ ಏನೂ ಆಗಿರಲಿಲ್ಲ. ತಂಗಿಯ ಆತ್ಮವಿಶ್ವಾಸಕ್ಕೆ ಅದೇ ಆಧಾರವಾಗಿತ್ತು. ಆದ್ದರಿಂದ ಅವಳನ್ನು ನಾವು ಪೂರ್ತಿಯಾಗಿ ದೂರಲಾರೆವು.

ಮರುದಿನ ಕೂಸನ್ನು ಮಕ್ಕಳ ವೈದ್ಯರಲ್ಲಿಗೆ ಒಯ್ದೆವು. ಅವರು ಮೊದಲು ಮಾಡಿದ್ದು, ಕುಂಚಿಗೆಯ ಕೆಳಗೆ ಬೆರಳು ತೂರಿಸಿ ಹೆಡಕನ್ನು ಮುಟ್ಟಿ ನೋಡಿದ್ದು. ಹೆಡಕು ಒದ್ದೆಯಾಗಿತ್ತು. "ಅಮ್ಮಾ, ಕೈಕಾಲು ತಣ್ಣಗಿವೆಯೆಂದು ಬಟ್ಟೆ ಹೆಚ್ಚಿಸಬೇಡಿ. ಹಸುಗೂಸಿನ ಅಂಗೈ ಅಂಗಾಲು ತಣ್ಣಗಿರುವುದು ಸಹಜ. ಹೆಡಕನ್ನೋ ಎದೆಯನ್ನೋ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಬಟ್ಟೆ ಹೆಚ್ಚಾಗಿದೆ ಎಂದೇ ತಿಳಿಯಿರಿ" ಎಂದು ತಂಗಿಗೆ ಹೇಳಿದರು. ಇದು ಬೆವರುಸಾಲೆ, ತಾಯಿ ತಿಂದ ಮಾವಿನಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ ಎಂದೂ ಸ್ಪಷ್ಟಪಡಿಸಿದರು. ಬಾಣಂತಿಯ ಮುಖ ಅರಳಿತು.

ಬೆವರುಸಾಲೆ ಹೇಗೆ ಏಳುತ್ತದೆಂಬುದನ್ನು ತಿಳಿದರೆ ಅದರ ಉಪಚಾರವೂ ತಾನಾಗಿ ತಿಳಿಯುತ್ತದೆ. ಚರ್ಮದ ಒಳಗಿರುವ ಬೆವರಿನ ಗ್ರಂಥಿಗಳಿಂದ ಕೂದಲಿಗಿಂತಲೂ ಸಣ್ಣ ನಾಳಗಳು ಮೇಲಕ್ಕೆ ಬಂದು ತೆರೆದುಕೊಳ್ಳುತ್ತವೆ. ಬಹಳ ಹೊತ್ತು ನೀರಿನಲ್ಲಿದ್ದ ಬೆರಳಿನ ತುದಿ ಬಿಳಿಚಿಕೊಂಡು ಉಬ್ಬುವುದನ್ನು ನಾವೆಲ್ಲ ಕಂಡಿದ್ದೇವೆ. ಬೆವರು ಆರದೆ ಮೈಮೇಲೆಯೇ ನಿಂತಾಗಲೂ ಚರ್ಮದ ಹೊರಪದರ ಹಾಗೆಯೇ ಉಬ್ಬಿ ಈ ನಾಳಗಳ ಬಾಯನ್ನು ಕಟ್ಟುತ್ತದೆ. ಸತ್ತ ಚರ್ಮದ ಕಣಗಳೂ, ಚರ್ಮದ ಮೇಲೆ ಸಹಜವಾಗಿಯೇ ಇರುವ ಸೂಕ್ಷ್ಮಜೀವಿಗಳೂ ಅದಕ್ಕೆ ನೆರವಾಗುತ್ತವೆ. ಹೊರಬರಲು ದಾರಿ ಸಿಗದ ಬೆವರು ಚರ್ಮದೊಳಗೇ ಸೋರಿ ಉರಿಯನ್ನೂ ತುರಿಕೆಯನ್ನೂ ಉಂಟುಮಾಡುತ್ತದೆ. ಹಸುಗೂಸಿನ ಬೆವರಿನ ನಾಳಗಳು ಇನ್ನೂ ಪೂರ್ಣವಾಗಿ ಬಲಿತಿರುವುದಿಲ್ಲವಾದ್ದರಿಂದ ಅವು ಬೇಗನೆ ಕಟ್ಟಿಕೊಳ್ಳುತ್ತವೆ.

ತಡೆ ತೀರ ಮೇಲಿನ ಪದರದಲ್ಲಿಯೇ ಇದ್ದರೆ ಇಬ್ಬನಿಯ ಹನಿಯಂತಹ ತಿಳಿಯಾದ ಗುಳ್ಳೆಗಳು ಏಳುತ್ತವೆ. ಹುಟ್ಟಿದ ಮೊದಲ ವಾರಗಳಲ್ಲಿ ಇವು ಕಾಣುವುದುಂಟು. ಸುತ್ತ ಕೆಂಪಿರುವುದಿಲ್ಲ, ಕೂಸು ಅಳುವುದೂ ಇಲ್ಲ, ಬಟ್ಟೆ ಸೋಂಕಿದರೆ ಒಡೆದು ಒಣಗಿಹೋಗುತ್ತವೆ. ತಡೆ ತುಸು ಆಳದಲ್ಲಿದ್ದಾಗ ಮಾತ್ರ ನಮ್ಮ ಕೂಸಿಗೆ ಬಂದಂತಹ ಕೆಂಪು ಸಾಲೆ ಏಳುತ್ತದೆ. ಚುಚ್ಚಿದಂತಾಗುವುದನ್ನು ಹೇಳಲಾರದ ಕೂಸು ಅಳುವಿನಿಂದಲೇ ಹೇಳುತ್ತದೆ.

ಈಗ ಅಜ್ಜಿಯ ದಿನಚರಿಯನ್ನು ಮತ್ತೊಮ್ಮೆ ನೋಡೋಣ. ತೊಳೆದ ಮೇಲೂ ಜಿಡ್ಡಾಗಿ ಉಳಿದ ಎಣ್ಣೆ ನಾಳಗಳ ಬಾಯಿಗೆ ಮುಚ್ಚಳವಾಗುತ್ತಿತ್ತು. ಬಿಸಿನೀರು ಬೆವರು ಹರಿಸುತ್ತಿತ್ತು. ಕುಂಚಿಗೆಯೂ ಸುತ್ತಿದ ಬಟ್ಟೆಯೂ ಆ ಬೆವರನ್ನು ಆರಗೊಡುತ್ತಿರಲಿಲ್ಲ. ಪೌಡರ್ ಬೆವರಿನೊಡನೆ ಕಲೆತು ಕೊರಳ ಮಡಿಕೆಯಲ್ಲಿ ಹಿಟ್ಟಿನ ಉಂಡೆಯಾಗಿ ಉಜ್ಜುತ್ತಿತ್ತು. ಬೆನ್ನಿನ ಕೆಳಗಿನ ಮೇಣಗಪ್ಪಡವಂತೂ ಹನಿ ನೀರನ್ನೂ ಹೀರದು. ಸಾಲೆ ಬೆನ್ನಿನಲ್ಲಿಯೇ ಹೆಚ್ಚಾಗಿದ್ದುದರ ಗುಟ್ಟು ಅದೇ ಆಗಿತ್ತು.

ವೈದ್ಯರು ಬರೆದುಕೊಟ್ಟ ಔಷಧಿ ಒಂದೇ, ಕ್ಯಾಲಮೈನ್ ಲೋಷನ್. ಅದನ್ನೂ ಬೇಕಾದರೆ ಮಾತ್ರ, ಬಾಟಲಿಯನ್ನು ಚೆನ್ನಾಗಿ ಕುಲುಕಿ, ಹತ್ತಿಯಿಂದ ಬೆನ್ನಿಗೂ ಎದೆಗೂ ತೆಳುವಾಗಿ ಒತ್ತಬೇಕು. ಕೂಸು ಬಾಯಿಗಿಟ್ಟುಕೊಳ್ಳುವ ಕೈಗಳಿಗೆ, ಮುಖಕ್ಕೆ, ಒಡೆದ ಚರ್ಮಕ್ಕೆ ಹಚ್ಚಬಾರದು ಎಂದರು. ಆರು ತಿಂಗಳೊಳಗಿನ ಕೂಸಿಗೆ ಇದನ್ನೂ ವೈದ್ಯರನ್ನು ಕೇಳಿಯೇ ಹಚ್ಚುವುದು ಒಳಿತು. ಅಂಗಡಿಯಲ್ಲಿ ಅದೇ ಹೆಸರಿನಡಿ ಕರ್ಪೂರ ಮೊದಲಾದವನ್ನು ಬೆರೆಸಿದ ಲೋಷನ್‌ಗಳೂ ದೊರೆಯುವುದರಿಂದ ಬಾಟಲಿಯ ಮೇಲಿನ ಬರಹವನ್ನು ಓದಿಕೊಳ್ಳಬೇಕು. ಉಳಿದುದೆಲ್ಲ ಮನೆಯಲ್ಲಿಯೇ ಆಗಬೇಕಾದ ಕೆಲಸವಾಗಿತ್ತು.

ಮನೆಗೆ ಬಂದೊಡನೆ ಕಿಟಕಿ ತೆರೆದೆವು. ಫ್ಯಾನನ್ನು ನೇರವಾಗಿ ಕೂಸಿನ ಮುಖಕ್ಕೆ ಬೀಸದಂತೆ ಗೋಡೆಯ ಕಡೆಗೆ ತಿರುಗಿಸಿಟ್ಟೆವು. ಮೇಣಗಪ್ಪಡವನ್ನು ತೆಗೆದು, ಹಾಸಿಗೆಯ ಮೇಲೆ ಹಳೆಯ ನೂಲಿನ ಪಂಚೆಯನ್ನು ಮಡಿಸಿ ಬಿಗಿಯಾಗಿ ಹಾಸಿ, ಒದ್ದೆಯಾದಾಗಲೆಲ್ಲ ಬದಲಿಸಿದೆವು. ಮಧ್ಯಾಹ್ನದ ಸೆಖೆಯಲ್ಲಿ ಕೂಸಿಗೆ ಲಂಗೋಟಿಯ ಹೊರತು ಏನೂ ಇರಲಿಲ್ಲ. ರಾತ್ರಿ ತೆಳುವಾದ ತೋಳಿಲ್ಲದ ಒಂದು ಜುಬ್ಬ ಮಾತ್ರ. ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ, ಸೋಪಿಲ್ಲದೆ, ಐದು ನಿಮಿಷದೊಳಗೆ. ಬಳಿಕ ಬಟ್ಟೆಯಿಂದ ಉಜ್ಜದೆ, ಒತ್ತಿ ನೀರು ತೆಗೆದು, ಕೊರಳಿನ ಮಡಿಕೆಯನ್ನು ಬಿಡಿಸಿ ಗಾಳಿಗೆ ಆರಿಸುವುದು. ಸಂಜೆ ಕೂಸು ಕಿರುಕಿರಿ ಮಾಡಿದಾಗ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯನ್ನು ಐದಾರು ನಿಮಿಷ ಬೆನ್ನಿನ ಮೇಲಿಟ್ಟರೆ ಸುಮ್ಮನಾಗುತ್ತಿತ್ತು. ಮಂಜುಗಡ್ಡೆಯನ್ನಿಡುವ ಮಾತು ಬೇಡ.

ಹಾಲುಣಿಸುವಾಗ ತಾಯಿಯ ತೋಳಿಗೂ ಕೂಸಿನ ಕೊರಳಿಗೂ ನಡುವೆ ಬೆವರು ನಿಲ್ಲುತ್ತದೆ. ಅಲ್ಲಿ ಒಂದು ನೂಲಿನ ಬಟ್ಟೆಯನ್ನಿರಿಸಿದೆವು. ಸೆಖೆಗೆಂದು ನೀರನ್ನಾಗಲಿ ಸಕ್ಕರೆ ನೀರನ್ನಾಗಲಿ ಕುಡಿಸಲಿಲ್ಲ. ಆರು ತಿಂಗಳವರೆಗೆ ಬೇಸಿಗೆಯಲ್ಲಿಯೂ ತಾಯಿಯ ಹಾಲೇ ಸಾಕು, ತುಸು ಹೆಚ್ಚು ಸಲ ಕೊಟ್ಟರಾಯಿತು. ಇನ್ನೊಂದು ಸಂಗತಿ ನಮ್ಮ ಮನೆತನಗಳಿಗೇ ಸೇರಿದ್ದು. ಕೂಸಿನ ಕೊರಳಿನ ಶಿವದಾರ ಬೆವರು, ಎಣ್ಣೆ, ಹಾಲಿನಿಂದ ನೆನೆದು ಬಿರುಸಾಗಿ, ಅದರ ಗುರುತಿನ ಸಾಲಿನಲ್ಲಿಯೇ ಚರ್ಮ ಕೆಂಪಾಗಿತ್ತು. ಸಾಲೆ ಮಾಯುವವರೆಗೆ ಅದನ್ನು ತೊಟ್ಟಿಲಿಗೆ ತಾಗಿದ ಗೂಡಿನಲ್ಲಿರಿಸಿದೆವು. ಮಲಗಿದ ಹಸುಗೂಸಿನ ಕೊರಳಲ್ಲಿ ಯಾವ ದಾರವೂ ಇರದಿರುವುದೇ ಕ್ಷೇಮವೆಂದು ವೈದ್ಯರೂ ಹೇಳಿದ್ದರು. ದಾರ ಬಿಗಿದು ಉಸಿರು ಕಟ್ಟುವ ಭಯವಿರುತ್ತದೆ.

ನೆರೆಹೊರೆಯವರ ಸಲಹೆಗಳಿಗೆ ಕೊರತೆಯಿರಲಿಲ್ಲ. ಒಬ್ಬರು ಗಂಧವನ್ನು ತೇಯ್ದು ಹಚ್ಚಿರೆಂದರು, ಇನ್ನೊಬ್ಬರು ಕಡಲೆಹಿಟ್ಟಿನಿಂದ ತಿಕ್ಕಿರೆಂದರು, ಮತ್ತೊಬ್ಬರು ತಾವು ಬಳಸುವ ತಂಪು ಪೌಡರಿನ ಡಬ್ಬಿಯನ್ನೇ ತಂದುಕೊಟ್ಟರು. ಒಣಗಿದ ಲೇಪ ಮತ್ತೆ ನಾಳಗಳನ್ನು ಮುಚ್ಚುತ್ತದೆ, ತಿಕ್ಕಿದರೆ ಉರಿಯುವ ಚರ್ಮ ಕೆರೆದುಹೋಗುತ್ತದೆ. ದೊಡ್ಡವರ ತಂಪು ಪೌಡರುಗಳಲ್ಲಿ ಮೆಂಥಾಲ್, ಕರ್ಪೂರ, ಬೋರಿಕ್ ಆಮ್ಲದಂತಹ ವಸ್ತುಗಳಿರುವುದುಂಟು. ಅವು ಹಸುಗೂಸಿಗೆ ಅಪಾಯಕಾರಿ. ಶಿಶುಗಳಿಗೆಂದೇ ಮಾರುವ ಟಾಲ್ಕಂ ಪೌಡರ್ ಕೂಡ ಉಸಿರಿನೊಡನೆ ಒಳಹೋದರೆ ಶ್ವಾಸಕೋಶಕ್ಕೆ ಕೆಡುಕು. ಪರಿಮಳದ ಆಸೆಗೆ ಅದನ್ನು ಹಾಕುವವರೇ ಹೆಚ್ಚೆಂದು ನಮಗನಿಸುತ್ತದೆ.

ಮೊದಲ ರಾತ್ರಿ ಕೂಸು ಮೂರು ತಾಸು ಒಂದೇ ಸಮನೆ ಮಲಗಿತು. ಎರಡನೆಯ ದಿನ ಗುಳ್ಳೆಗಳು ಹಾಗೆಯೇ ಇದ್ದರೂ ಹೊಸವು ಏಳಲಿಲ್ಲ. ಮೂರನೆಯ ದಿನ ಕೆಂಪು ಮಾಸತೊಡಗಿತು. ಐದನೆಯ ದಿನಕ್ಕೆ ಬೆನ್ನಿನಲ್ಲಿ ಹೊಟ್ಟಿನಂತಹ ತೆಳುವಾದ ಸಿಪ್ಪೆ ಮಾತ್ರ ಉಳಿದಿತ್ತು. ಸಾಲೆ ಮಾಯ್ದ ಮೇಲೂ ಕೆಲವು ದಿನ, ಒಮ್ಮೊಮ್ಮೆ ಎರಡು ಮೂರು ವಾರ, ಆ ಭಾಗದ ನಾಳಗಳು ಸರಿಯಾಗಿ ಬೆವರನ್ನು ಬಿಡಲಾರವು. ಅಷ್ಟು ದಿನ ಕೂಸಿಗೆ ಮೈ ತಂಪಾಗಿಸಿಕೊಳ್ಳುವ ಶಕ್ತಿಯೇ ಕಡಿಮೆಯಿರುವುದರಿಂದ ನೆರಳೂ ಗಾಳಿಯೂ ಇನ್ನಷ್ಟು ಬೇಕು.

ಎಲ್ಲ ಕೆಂಪು ಗುಳ್ಳೆಯೂ ಬೆವರುಸಾಲೆಯಲ್ಲ. ಮಡಿಕೆಯ ಒಳಗೆ ಚರ್ಮ ಹಸಿಮಾಂಸದಂತೆ ಕೆಂಪಾಗಿ, ಅಂಚಿನಿಂದಾಚೆ ಬಿಡಿಬಿಡಿ ಗುಳ್ಳೆಗಳಿದ್ದರೆ ಅದು ಬೂಷ್ಟಿನ ಸೋಂಕಾಗಿರಬಹುದು. ಗಾಳಿಯೊಂದರಿಂದಲೇ ಅದು ಮಾಯದು. ಗುಳ್ಳೆಯಲ್ಲಿ ಕೀವು ತುಂಬಿದರೆ, ಜೇನುಬಣ್ಣದ ಹೊಪ್ಪಳೆ ಕಟ್ಟಿದರೆ, ಸುತ್ತಣ ಚರ್ಮ ಬಿಸಿಯಾಗಿ ಕೆಂಪು ಹರಡಿದರೆ, ಅಥವಾ ತಂಪಾಗಿಟ್ಟರೂ ಮೂರು ನಾಲ್ಕು ದಿನಗಳಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಬೆವರುಸಾಲೆಯಿಂದ ಜ್ವರ ಬರುವುದಿಲ್ಲ. ಮೂರು ತಿಂಗಳೊಳಗಿನ ಕೂಸಿನ ಮೈ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಕೂಸು ಹಾಲು ಬಿಟ್ಟು ಮಂಕಾದರೆ, ಗುಳ್ಳೆಯ ಚಿಂತೆ ಬಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಜೂನ್ ತಿಂಗಳಲ್ಲಿ ಮಳೆ ಹಿಡಿದಾಗ ಸಾಲೆ ಮತ್ತೊಮ್ಮೆ ತಲೆಯೆತ್ತಿತು. ಬಿಸಿಲಿಲ್ಲದೆ ಅರೆ ಒಣಗಿದ ಬಟ್ಟೆಗಳನ್ನೇ ತೊಡಿಸುತ್ತಿದ್ದರೆಂದು ಬಾಣಂತಿ ಫೋನಿನಲ್ಲಿ ತಿಳಿಸಿದಳು. ಬಟ್ಟೆಗಳನ್ನು ಎರಡು ಸಲ ಬರಿಯ ನೀರಿನಲ್ಲಿ ಜಾಲಿಸಿ, ಫ್ಯಾನಿನ ಕೆಳಗೆ ಆರಿಸಿ, ಇಸ್ತ್ರಿ ಮಾಡಿ, ಕಾವು ಪೂರ್ತಿ ಇಳಿದ ಮೇಲೆ ತೊಡಿಸತೊಡಗಿದರು. ಈ ಸಲ ಅಜ್ಜಿಯೇ ಮೊದಲು ಹೆಡಕನ್ನು ಮುಟ್ಟಿ ನೋಡಿದ್ದಳಂತೆ. ನಾಲ್ಕು ದಿನಗಳಲ್ಲಿ ಇಳಿಯಿತು.

ಆ ತಿಂಗಳ ಕೊನೆಗೆ ಅವರೆಲ್ಲ ಧಾರವಾಡಕ್ಕೆ ಬಂದರು. ಯಲ್ಲಾಪುರದವರೆಗೆ ಕೂಸಿನ ಮೈಮೇಲೆ ತೆಳುವಾದ ಜುಬ್ಬ ಮಾತ್ರ ಇತ್ತು. ಘಟ್ಟ ಹತ್ತಿದ ಮೇಲೆ ತಂಪುಗಾಳಿ ಬೀಸತೊಡಗಿದಾಗ ತಂಗಿ ಹೆಡಕನ್ನು ಮುಟ್ಟಿ ನೋಡಿ, ಒಣಗಿ ತಣ್ಣಗಿರುವುದನ್ನು ಕಂಡು, ಗಂಟಿನಿಂದ ಕುಂಚಿಗೆಯನ್ನು ಹೊರತೆಗೆದಳು.