ಐಇಎಲ್‌ಟಿಎಸ್ ಪರೀಕ್ಷಕರ ಅಳತೆಪಟ್ಟಿ

ಐಇಎಲ್‌ಟಿಎಸ್ ಪರೀಕ್ಷೆಯ ಬರವಣಿಗೆ ಮತ್ತು ಮಾತಿನ ವಿಭಾಗಗಳಲ್ಲಿ ಸರಿ ಉತ್ತರ, ತಪ್ಪು ಉತ್ತರ ಎಂಬುದಿಲ್ಲ. ಬ್ಯಾಂಡ್ ಡಿಸ್ಕ್ರಿಪ್ಟರ್ ಎಂಬ ಅಳತೆಪಟ್ಟಿಯ ಪಕ್ಕದಲ್ಲಿ ಉತ್ತರವನ್ನು ಇಟ್ಟು ನೋಡಿ ಪರೀಕ್ಷಕರು 0ಯಿಂದ 9ರವರೆಗಿನ ಒಂದು ಬ್ಯಾಂಡ್ ಕೊಡುತ್ತಾರೆ. ಈ ಪಟ್ಟಿಯ ಸಾರ್ವಜನಿಕ ಆವೃತ್ತಿ ಯಾರಿಗೂ ಉಚಿತವಾಗಿ ಸಿಗುತ್ತದೆ. ಆದರೂ ವಿದೇಶಕ್ಕೆ ಹೊರಟ ವಿದ್ಯಾರ್ಥಿಗಳಲ್ಲಿ, ನರ್ಸ್‌ಗಳಲ್ಲಿ ಅನೇಕರು ಮಾದರಿ ಉತ್ತರಗಳನ್ನು ಓದುವಷ್ಟು ಶ್ರದ್ಧೆಯಿಂದ ಇದನ್ನು ಓದುವುದಿಲ್ಲ.

ಕನಿಷ್ಠ 250 ಪದಗಳಲ್ಲಿ ಬರೆಯಬೇಕಾದ ಪ್ರಬಂಧಕ್ಕೆ ನಾಲ್ಕು ಮಾನದಂಡಗಳಿವೆ: ಪ್ರಶ್ನೆಗೆ ಎಷ್ಟು ಪೂರ್ತಿಯಾಗಿ ಉತ್ತರಿಸಲಾಗಿದೆ, ವಿಚಾರಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ, ಪದಸಂಪತ್ತು ಎಷ್ಟಿದೆ, ವ್ಯಾಕರಣದ ವೈವಿಧ್ಯ ಮತ್ತು ಶುದ್ಧಿ ಹೇಗಿದೆ. ನಾಲ್ಕಕ್ಕೂ ಸಮಾನ ತೂಕ. ಹೀಗಾಗಿ ಬೆಡಗಿನ ಪದಗಳಿಂದ ಗಳಿಸಿದ್ದನ್ನು ಪ್ರಶ್ನೆಯ ಅರ್ಧವನ್ನು ಬಿಟ್ಟವರು ಅಲ್ಲೇ ಕಳೆದುಕೊಳ್ಳುತ್ತಾರೆ. ಬ್ಯಾಂಡ್ ಕೊಡುವಾಗ ಪಾಲಿಸುವ ನಿಯಮವೂ ಸರಳವಾಗಿದೆ. ಒಂದು ಬ್ಯಾಂಡಿನ ಕೆಳಗೆ ಬರೆದಿರುವ ಒಳ್ಳೆಯ ಲಕ್ಷಣಗಳೆಲ್ಲ ಉತ್ತರದಲ್ಲಿ ಇದ್ದರೆ ಮಾತ್ರ ಆ ಬ್ಯಾಂಡ್ ಸಲ್ಲುತ್ತದೆ. ಒಂದೆರಡು ಚಂದದ ವಾಕ್ಯಗಳನ್ನು ನೋಡಿ ಮೇಲಿನ ಬ್ಯಾಂಡ್ ಕೊಡುವಂತಿಲ್ಲ.

ಸ್ವಂತ ಉತ್ತರಕ್ಕೆ ಬ್ಯಾಂಡ್ ಹಾಕಿಕೊಳ್ಳುವವರು ಬರೆದು ಎರಡು ದಿನ ಬಿಟ್ಟು ಅದನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು. ಬರೆದ ಕೂಡಲೇ ಓದಿದರೆ ಕಣ್ಣಿಗೆ ಕಾಣುವುದು ಮನಸ್ಸಿನಲ್ಲಿದ್ದ ಉತ್ತರವೇ ಹೊರತು ಹಾಳೆಯ ಮೇಲಿರುವುದಲ್ಲ. ಆಮೇಲೆ ನಾಲ್ಕು ಸಲ ಓದಬೇಕು, ಒಂದೊಂದು ಸಲ ಒಂದೊಂದು ಮಾನದಂಡಕ್ಕಾಗಿ. ಪ್ರತಿ ಸಲವೂ 6ನೇ ಬ್ಯಾಂಡಿನ ವಿವರಣೆಯಿಂದ ಶುರುಮಾಡಿ, ಅದು ಪೂರ್ತಿ ಹೊಂದಿದರೆ ಒಂದು ಮೆಟ್ಟಿಲು ಹತ್ತಬೇಕು, ಹೊಂದದಿದ್ದರೆ ಇಳಿಯಬೇಕು.

ಒಂದು ಕಲ್ಪಿತ ಉತ್ತರವನ್ನು ತೆಗೆದುಕೊಳ್ಳಬಹುದು. ಕಾಲೇಜು ಶಿಕ್ಷಣ ಎಲ್ಲರಿಗೂ ಉಚಿತವಾಗಿರಬೇಕೆಂದು ಕೆಲವರು, ಶುಲ್ಕ ಇರಬೇಕೆಂದು ಕೆಲವರು ಹೇಳುತ್ತಾರೆ. ಎರಡೂ ವಾದಗಳನ್ನು ಚರ್ಚಿಸಿ ನಿಮ್ಮ ಅಭಿಪ್ರಾಯ ತಿಳಿಸಿ ಎಂಬುದು ಪ್ರಶ್ನೆ. ಅಭ್ಯರ್ಥಿ 270 ಪದ ಬರೆದಿದ್ದಾರೆ. ಉಚಿತ ಶಿಕ್ಷಣದ ಪರವಾಗಿ ಎರಡು ಪ್ಯಾರಾಗಳಿವೆ. ಶುಲ್ಕದ ಪರವಾಗಿ ಇರುವುದು ಕಾರಣವಿಲ್ಲದ ಒಂದೇ ವಾಕ್ಯ. ಸ್ವಂತ ಅಭಿಪ್ರಾಯ ಕೊನೆಯ ಸಾಲಿನಲ್ಲಿ ದಿಢೀರನೆ ಬರುತ್ತದೆ. 6ನೇ ಬ್ಯಾಂಡಿನಲ್ಲಿ ಒಂದು ಭಾಗಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಜಾಗ ಸಿಕ್ಕಿರಬಹುದು, ಆದರೆ ಮುಖ್ಯ ಭಾಗಗಳನ್ನು ಚರ್ಚಿಸಿರಲೇಬೇಕು. ಕಾರಣ ಕೊಡದ ಒಂದು ವಾಕ್ಯ ಚರ್ಚೆಯಲ್ಲ. ಆದ್ದರಿಂದ ಇಲ್ಲಿ 5.

ಜೋಡಣೆಯಲ್ಲಿ 'ಮೋರ್‌ಓವರ್', 'ಫರ್ದರ್‌ಮೋರ್' ಎಂಬ ಪದಗಳು ಹೆಚ್ಚುಕಡಿಮೆ ಪ್ರತಿ ವಾಕ್ಯದ ತಲೆಯಲ್ಲೂ ಕುಳಿತಿವೆ. ವಿಚಾರ ಮುಂದಕ್ಕೆ ಸಾಗುತ್ತದೆ, ಆದರೆ ಕೊಂಡಿಗಳು ಯಾಂತ್ರಿಕ. ಇದು 6ನೇ ಬ್ಯಾಂಡಿನ ಗುರುತು. ಪದಸಂಪತ್ತು ಚೆನ್ನಾಗಿದೆ: ತೆರಿಗೆ, ಸಾಲ, ಶುಲ್ಕದ ಹೊರೆ ಮುಂತಾದವಕ್ಕೆ ಇಂಗ್ಲಿಷಿನಲ್ಲಿ ಜೊತೆಯಾಗಿ ಬಳಕೆಯಾಗುವ ಪದಗಳೇ ಬಂದಿವೆ. ಹಾಗಾಗಿ 7.

ವ್ಯಾಕರಣಕ್ಕೆ ಲೆಕ್ಕವೇ ಒಳ್ಳೆಯ ದಾರಿ. ಉತ್ತರದಲ್ಲಿ 15 ವಾಕ್ಯಗಳಿದ್ದು, ಯಾವ ತಪ್ಪೂ ಇಲ್ಲದವು 5 ಮಾತ್ರ. ತಪ್ಪುಗಳಲ್ಲಿ ಹೆಚ್ಚಿನವು 'ಎ', 'ದಿ' ಬಿಟ್ಟುಹೋದವು; ಇವಕ್ಕೆ ನೇರ ಸಮಾನವಾದದ್ದು ಕನ್ನಡದಲ್ಲಿ ಇಲ್ಲದ್ದರಿಂದ ಕನ್ನಡಿಗರ ಬರಹದಲ್ಲಿ ಈ ತಪ್ಪು ಸಹಜ. ಅರ್ಥ ಕೆಟ್ಟಿಲ್ಲ, ಸಂಕೀರ್ಣ ವಾಕ್ಯಗಳೂ ಇವೆ, ಆದ್ದರಿಂದ 6 ಸಲ್ಲುತ್ತದೆ. 7ಕ್ಕೆ ತಪ್ಪಿಲ್ಲದ ವಾಕ್ಯಗಳು ಮೇಲಿಂದ ಮೇಲೆ ಬರಬೇಕು. ಒಟ್ಟು 24, ಸರಾಸರಿ 6. ಒಂದು ಪ್ಯಾರಾ ಕಡಿಮೆ ಮಾಡಿ ಎರಡನೆಯ ವಾದಕ್ಕೆ ಜಾಗ ಕೊಟ್ಟಿದ್ದರೆ, ಹೊಸ ಪದ ಒಂದನ್ನೂ ಕಲಿಯದೆ ಅಂಕ ಏರುತ್ತಿತ್ತು. ಬರೀ ಒಟ್ಟು ಅಂಕ ನೋಡುವವರಿಗೆ ಇದು ಕಾಣುವುದೇ ಇಲ್ಲ.

ಮಾತಿನ ಪರೀಕ್ಷೆ 11ರಿಂದ 14 ನಿಮಿಷದ್ದು. ಅಲ್ಲಿ ಪದಸಂಪತ್ತು, ವ್ಯಾಕರಣಗಳ ಜೊತೆಗೆ ನಿರರ್ಗಳತೆ ಮತ್ತು ಉಚ್ಚಾರಣೆಯನ್ನು ಅಳೆಯುತ್ತಾರೆ. ನಿರರ್ಗಳತೆ ಎಂದರೆ ವೇಗ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಪಟ್ಟಿ ಗಮನಿಸುವುದು ತಡವರಿಕೆಯ ಕಾರಣವನ್ನು. ಏನು ಹೇಳಲಿ ಎಂದು ಯೋಚಿಸಲು ನಿಂತರೆ ಅದು 8ನೇ ಬ್ಯಾಂಡಿನಲ್ಲೂ ಸರಿಯೇ; ಪದಕ್ಕಾಗಿ, ಕ್ರಿಯಾಪದದ ರೂಪಕ್ಕಾಗಿ ಪದೇ ಪದೇ ನಿಂತರೆ ಬ್ಯಾಂಡ್ ಇಳಿಯುತ್ತದೆ. ಎರಡು ನಿಮಿಷದ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, 'ಅಂ', 'ಆ'ಗಳ ಸಮೇತ ಬರೆದುಕೊಂಡು, ಪ್ರತಿ ನಿಲುಗಡೆಯ ಪಕ್ಕದಲ್ಲಿ 'ವಿಚಾರ' ಅಥವಾ 'ಭಾಷೆ' ಎಂದು ಗುರುತಿಸಿದರೆ ಚಿತ್ರ ತಾನಾಗಿ ಸ್ಪಷ್ಟವಾಗುತ್ತದೆ. ನಿಂತದ್ದು ಏಕೆಂದು ಮಾತನಾಡಿದವರಿಗೇ ಚೆನ್ನಾಗಿ ಗೊತ್ತಿರುವುದರಿಂದ, ಈ ಒಂದು ವಿಷಯದಲ್ಲಿ ಅವರ ತೀರ್ಪು ಹೊರಗಿನವರದಕ್ಕಿಂತ ನಂಬಲರ್ಹ.

ಉಚ್ಚಾರಣೆಯಲ್ಲಿ ಮಾತ್ರ ಸ್ವಂತ ಕಿವಿ ಮೋಸ ಮಾಡುತ್ತದೆ. ಕನ್ನಡದ ಧಾಟಿ ಇರುವುದಕ್ಕೇ ಅಂಕ ಕಳೆಯುವುದಿಲ್ಲ. ಕೇಳುವವರಿಗೆ ಅರ್ಥವಾಗಲು ಎಷ್ಟು ಶ್ರಮವಾಯಿತು ಎಂಬುದು ಮುಖ್ಯ. ತಾನಾಡಿದ್ದು ತನಗೆ ಯಾವಾಗಲೂ ಅರ್ಥವಾಗುತ್ತದೆ. ಆದ್ದರಿಂದ ಆ ರೆಕಾರ್ಡಿಂಗನ್ನು ವಿಷಯವೇನೆಂದು ಗೊತ್ತಿಲ್ಲದ ಒಬ್ಬರಿಗೆ ಒಂದೇ ಸಲ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಬೇಕು. ಅವರು ಖಾಲಿ ಬಿಟ್ಟ ಅಥವಾ ಬೇರೆಯಾಗಿ ಬರೆದ ಪದಗಳೇ ತಿದ್ದಿಕೊಳ್ಳಬೇಕಾದ ಉಚ್ಚಾರಣೆಗಳ ಪಟ್ಟಿ.