ಕಾಡಿನ ಕೆಲಸ ಕೇಳುವ ಪತ್ರ

ವನ್ಯಜೀವಿ ಸಂಶೋಧನೆಯಲ್ಲಿ ಇಂಟರ್ನ್‌ಶಿಪ್ ಕೇಳಿ ಬರುವ ಕವರ್ ಲೆಟರ್‌ಗಳಲ್ಲಿ ಬಹುಪಾಲು ಒಂದೇ ಥರದ ಮಾತಿನಿಂದ ಶುರುವಾಗುತ್ತವೆ. ಚಿಕ್ಕಂದಿನಿಂದ ಪ್ರಕೃತಿಯೆಂದರೆ ಇಷ್ಟ, ಕಾಡಿನಲ್ಲಿ ಎಷ್ಟು ಕಷ್ಟವಾದರೂ ದುಡಿಯಲು ಸಿದ್ಧ, ಅವಕಾಶ ಕೊಟ್ಟರೆ ಕಲಿಯುತ್ತೇನೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪತ್ರ ಓದುವ ಸಂಶೋಧಕರಿಗೆ ಬೇಕಾದದ್ದು ಬೇರೆ. ನಾಳೆ ಬೆಳಗಿನ ಜಾವ ಈ ಹುಡುಗಿಯನ್ನೋ ಹುಡುಗನನ್ನೋ ಒಬ್ಬ ವಾಚರ್ ಜೊತೆ ಕಾಡಿಗೆ ಕಳಿಸಿದರೆ, ಸಂಜೆ ತಂದುಕೊಡುವ ಡೇಟಾಶೀಟನ್ನು ನಂಬಬಹುದೇ? ಅವರು ಆ ಪುಟದಲ್ಲಿ ಹುಡುಕುವುದು ಈ ಪ್ರಶ್ನೆಗೆ ಉತ್ತರ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮಲೆನಾಡಿನ ಕಾಲೇಜೊಂದರಲ್ಲಿ ಎಂಎಸ್ಸಿ ಓದುತ್ತಿರುವ ವಿದ್ಯಾರ್ಥಿನಿ ಬೇಸಿಗೆಯಲ್ಲಿ ಗೊರಸು ಪ್ರಾಣಿಗಳ ಎಣಿಕೆಗೆ ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳಿ. ಜಿಂಕೆ, ಕಡವೆ, ಕಾಟಿ, ಕಾಡಕುರಿ, ಹಂದಿ ಇವುಗಳ ಸಾಂದ್ರತೆಯನ್ನು ಅಂದಾಜು ಮಾಡುವ ಕೆಲಸ. ಅದಕ್ಕೆ ಬಳಸುವುದು ಲೈನ್ ಟ್ರಾನ್ಸೆಕ್ಟ್ ವಿಧಾನ. 1980ರ ದಶಕದ ಉತ್ತರಾರ್ಧದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಇದನ್ನು ಬಳಸಿದ ಮೇಲೆ ನಮ್ಮ ಕಾಡುಗಳಲ್ಲಿ ಇದು ಚೆನ್ನಾಗಿ ನೆಲೆಯೂರಿತು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯಲ್ಲೂ ಹುಲಿಯ ಬೇಟೆಪ್ರಾಣಿಗಳಿಗಾಗಿ ಇಂಥ ಗೆರೆಗಳ ಮೇಲೆ ನಡೆಯುತ್ತಾರೆ. ನಮ್ಮ ವಿದ್ಯಾರ್ಥಿನಿ ಅಂಥದೊಂದು ಗಣತಿಯಲ್ಲಿ ಸ್ವಯಂಸೇವಕಿಯಾಗಿ ಮೂರು ದಿನ ನಡೆದಿದ್ದಾಳೆ. ಅಷ್ಟೇ ಅವಳ ಅನುಭವ.

ಆ ಮೂರು ದಿನವನ್ನು ಅವಳು ಬರೆಯುವ ರೀತಿ ಸಾಮಾನ್ಯವಾಗಿ ಹೀಗಿರುತ್ತದೆ: 'ಟ್ರಾನ್ಸೆಕ್ಟ್ ಸರ್ವೆ, ಜಿಪಿಎಸ್ ಮತ್ತು ದಿಕ್ಸೂಚಿ ಬಳಕೆಯಲ್ಲಿ ಪರಿಣತಿ ಇದೆ.' ಓದುವವರು ಇದನ್ನು ದಾಟಿ ಮುಂದೆ ಹೋಗುತ್ತಾರೆ, ಯಾಕೆಂದರೆ ಮೂರು ದಿನದಲ್ಲಿ ಪರಿಣತಿ ಬರುವುದಿಲ್ಲವೆಂದು ಅವರಿಗೆ ಗೊತ್ತು. ಅವಳು ಆ ಗೆರೆಯ ಮೇಲೆ ನಿಜವಾಗಿ ಏನು ಮಾಡಿದಳೋ ಅದನ್ನೇ ಬರೆದಿದ್ದರೆ ಸಾಕಿತ್ತು.

ಅಲ್ಲಿ ಮಾಡುವ ಕೆಲಸ ಇಷ್ಟು. ಕಾಡಿನೊಳಗೆ ಮೊದಲೇ ಗುರುತು ಮಾಡಿದ, ಸುಮಾರು ಎರಡು ಕಿಲೋಮೀಟರ್ ಉದ್ದದ ನೇರ ಗೆರೆ. ಬೆಳಕು ಹರಿಯುತ್ತಿದ್ದಂತೆ ಇಬ್ಬರು ಸದ್ದಿಲ್ಲದೆ, ನಿಧಾನವಾಗಿ ಅದರ ಮೇಲೆ ನಡೆಯಬೇಕು. ಜಿಂಕೆಯ ಹಿಂಡು ಕಂಡಿತು ಎನ್ನಿ. ಎಷ್ಟಿವೆ ಎಂದು ಎಣಿಸಬೇಕು, ರೇಂಜ್‌ಫೈಂಡರಿನಿಂದ ಹಿಂಡಿನ ನಡುಭಾಗಕ್ಕೆ ಇರುವ ದೂರ ನೋಡಬೇಕು, ದಿಕ್ಸೂಚಿಯಲ್ಲಿ ಹಿಂಡಿನ ದಿಕ್ಕನ್ನೂ ಗೆರೆಯ ದಿಕ್ಕನ್ನೂ ಓದಬೇಕು. ಗೆರೆ 40 ಡಿಗ್ರಿಯ ಕಡೆ ಸಾಗುತ್ತಿದೆ, ಹಿಂಡು 75 ಡಿಗ್ರಿಯಲ್ಲಿದೆ, ದೂರ 60 ಮೀಟರ್. ಎರಡು ದಿಕ್ಕುಗಳ ನಡುವೆ 35 ಡಿಗ್ರಿ. ಅದರ ಸೈನ್ ಬೆಲೆ ಸುಮಾರು 0.57, 60ರಿಂದ ಗುಣಿಸಿದರೆ 34 ಮೀಟರ್. ಅಂದರೆ ಹಿಂಡು ಗೆರೆಯಿಂದ ಅಡ್ಡಲಾಗಿ 34 ಮೀಟರ್ ಆಚೆಗಿದೆ. ಲೆಕ್ಕಕ್ಕೆ ಬೇಕಾದದ್ದು ಈ ಅಡ್ಡದೂರ. ಗೆರೆಯಿಂದ ದೂರ ಹೋದಂತೆ ಪ್ರಾಣಿ ನಮ್ಮ ಕಣ್ಣಿಗೆ ಬೀಳುವ ಸಾಧ್ಯತೆ ಹೇಗೆ ಕಡಿಮೆಯಾಗುತ್ತದೆ ಎಂಬುದು ಇಂಥ ಹಲವಾರು ಅಡ್ಡದೂರಗಳಿಂದ ತಿಳಿಯುತ್ತದೆ. ಕಾಣದೆ ಉಳಿದವು ಎಷ್ಟಿರಬಹುದು ಎಂಬ ಅಂದಾಜು ಅದರಿಂದ ಸಿಗುತ್ತದೆ.

ತಪ್ಪು ನುಸುಳುವುದೂ ಇಲ್ಲೇ. ರೇಂಜ್‌ಫೈಂಡರ್ ತೆಗೆಯಲು ಬೇಜಾರಾಗಿ ಕಣ್ಣಂದಾಜಿನಲ್ಲಿ 20, 50, 100 ಎಂದು ಬರೆಯುವವರಿದ್ದಾರೆ. ಪ್ರಾಣಿ ಹೆಚ್ಚುಕಡಿಮೆ ಎದುರಿಗೇ ಇದೆಯಲ್ಲ ಎಂದು ಕೋನ ಅಳೆಯದೆ ಸೊನ್ನೆ ಹಾಕುವವರಿದ್ದಾರೆ. ಹಾಗೆ ಸೊನ್ನೆಗಳು ರಾಶಿ ಬಿದ್ದರೆ ಕಾಡಿನಲ್ಲಿ ಇರುವುದಕ್ಕಿಂತ ಹೆಚ್ಚು ಜಿಂಕೆ ಇವೆಯೆಂದು ಲೆಕ್ಕ ಹೇಳಿಬಿಡುತ್ತದೆ. ಇನ್ನೊಂದು ಕಡೆ, ನಡೆಯುವವರ ಸದ್ದಿಗೆ ಬೆದರಿ ಪ್ರಾಣಿಗಳು ಮೊದಲೇ ಗೆರೆಯಿಂದ ಸರಿದು ಹೋದರೆ, ಅಥವಾ ಓಡಿ ನಿಂತ ಜಾಗಕ್ಕೆ ದೂರ ಅಳೆದರೆ, ಸಂಖ್ಯೆ ಇರುವುದಕ್ಕಿಂತ ಕಡಿಮೆ ಬರುತ್ತದೆ. ಎಲ್ಲ ದೂರಗಳನ್ನೂ ಒಂದು ಕಂಬನಕ್ಷೆಯಲ್ಲಿ ಹಾಕಿದರೆ ಇವೆಲ್ಲ ಎದ್ದು ಕಾಣುತ್ತವೆ: ದುಂಡು ಸಂಖ್ಯೆಗಳ ಮೇಲೆ ಉದ್ದನೆಯ ಕಂಬ, ಅಥವಾ ಗೆರೆಯ ಹತ್ತಿರವೇ ಒಂದು ತಗ್ಗು.

ಇಷ್ಟನ್ನು ತಿಳಿದವಳು ಬರೆಯುವ ವಾಕ್ಯವೇ ಬೇರೆ. 'ಹುಲಿ ಗಣತಿಯಲ್ಲಿ ಸ್ವಯಂಸೇವಕಿಯಾಗಿ ಎರಡು ಕಿಲೋಮೀಟರಿನ ಟ್ರಾನ್ಸೆಕ್ಟನ್ನು ಮೂರು ಬೆಳಿಗ್ಗೆ ನಡೆದಿದ್ದೇನೆ. ದಿಕ್ಸೂಚಿ ಓದುವುದು ಮತ್ತು ಶೀಟ್ ತುಂಬುವುದು ನನ್ನ ಕೆಲಸವಾಗಿತ್ತು. ದೂರವನ್ನು ಜೊತೆಗಿದ್ದ ಫಾರೆಸ್ಟ್ ಗಾರ್ಡ್ ಅಳೆಯುತ್ತಿದ್ದರು. ಜಿಂಕೆ, ಕಾಟಿ ಗುರುತಿಸಬಲ್ಲೆ. ಪೊದೆಯಲ್ಲಿ ಕ್ಷಣಕಾಲ ಕಂಡ ಕಾಡಕುರಿಯನ್ನು ಖಚಿತವಾಗಿ ಹೇಳಲು ನನಗೆ ಇನ್ನೂ ಅಭ್ಯಾಸ ಬೇಕು.' ಕೊನೆಯ ವಾಕ್ಯ ಬರೆಯಲು ಬಹಳ ಮಂದಿ ಹೆದರುತ್ತಾರೆ. ನನ್ನ ಮಟ್ಟಿಗೆ ಪತ್ರದಲ್ಲಿ ಹೆಚ್ಚು ತೂಕದ ವಾಕ್ಯ ಅದೇ. ಯಾವುದು ಕಂಡದ್ದು, ಯಾವುದು ಊಹಿಸಿದ್ದು ಎಂದು ಬೇರೆ ಮಾಡಬಲ್ಲವರು ಡೇಟಾಶೀಟಿನಲ್ಲೂ ಹಾಗೇ ಮಾಡುತ್ತಾರೆ.

ಡೇಟಾ ನಿರ್ವಹಣೆಯ ವಿಷಯದಲ್ಲಿ 'ಎಕ್ಸೆಲ್ ಮತ್ತು ಆರ್ ಬರುತ್ತದೆ' ಎಂಬ ಸಾಲಂತೂ ಎಲ್ಲ ಪತ್ರಗಳಲ್ಲೂ ಇರುತ್ತದೆ. ಕ್ಯಾಂಪಿನಲ್ಲಿ ಸಂಜೆ ನಡೆಯುವ ಕೆಲಸಕ್ಕೆ ಸಾಫ್ಟ್‌ವೇರ್ ಹೆಸರಿಗಿಂತ ಮುಖ್ಯವಾದದ್ದು ಶಿಸ್ತು. ಒದ್ದೆಯಾದ, ಮಡಚಿದ ಶೀಟಿನ ಫೋಟೋವನ್ನು ಅಂದೇ ತೆಗೆದಿಡುವುದು. ಒಂದು ನೋಟಕ್ಕೆ ಒಂದು ಸಾಲು ಎಂಬಂತೆ ಕಂಪ್ಯೂಟರಿಗೆ ತುಂಬುವುದು. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಶೀಟಿನ ಜೊತೆ ತಾಳೆ ನೋಡುವುದು. ಮೂಲ ಫೈಲನ್ನು ಮುಟ್ಟದೆ ತಿದ್ದುಪಡಿಯನ್ನು ಪ್ರತಿಯಲ್ಲಿ ಮಾಡುವುದು. ಏನೂ ಕಾಣದ ದಿನವನ್ನು ಕೂಡ ದಾಖಲಿಸುವುದು, ಏಕೆಂದರೆ ಒಟ್ಟು ಎಷ್ಟು ದೂರ ನಡೆದೆವು ಎಂಬುದೇ ಗೊತ್ತಿಲ್ಲದಿದ್ದರೆ ಕಂಡ ಪ್ರಾಣಿಗಳ ಸಂಖ್ಯೆಗೆ ಅರ್ಥವಿಲ್ಲ. ಖಾಲಿ ಬಿಟ್ಟ ಕೋಶಕ್ಕೂ ಸೊನ್ನೆಗೂ ವ್ಯತ್ಯಾಸವಿದೆ. ಮೊದಲನೆಯದು ನೋಡಲಿಲ್ಲ ಎಂದು, ಎರಡನೆಯದು ನೋಡಿದೆವು, ಇರಲಿಲ್ಲ ಎಂದು.

ಒಂದು ತಪ್ಪನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೈಸೂರು ನಗರ ಸುಮಾರು 12 ಡಿಗ್ರಿ 18 ನಿಮಿಷ ಉತ್ತರ ಅಕ್ಷಾಂಶದಲ್ಲಿದೆ. ಡಿಗ್ರಿಗೆ 60 ನಿಮಿಷವಾದ್ದರಿಂದ ದಶಮಾಂಶದಲ್ಲಿ ಅದು 12.30. ಜಿಪಿಎಸ್ ಪರದೆಯ ಮೇಲೆ 12 ಮತ್ತು 18 ಎಂಬ ಎರಡು ಸಂಖ್ಯೆ ಕಂಡವರು ಅದನ್ನು 12.18 ಎಂದು ಟೈಪ್ ಮಾಡಿಬಿಟ್ಟರೆ ಆ ಜಾಗ ನಕ್ಷೆಯಲ್ಲಿ ಸುಮಾರು 13 ಕಿಲೋಮೀಟರ್ ದಕ್ಷಿಣಕ್ಕೆ, ನಂಜನಗೂಡಿನ ಕಡೆಗೆ ಹೋಗಿ ಕೂರುತ್ತದೆ. ಇದರ ತೊಂದರೆಯೆಂದರೆ ಸಂಖ್ಯೆ ನೋಡಿದರೆ ಅನುಮಾನವೇ ಬರುವುದಿಲ್ಲ. ಎಲ್ಲ ಬಿಂದುಗಳನ್ನು ನಕ್ಷೆಯ ಮೇಲೆ ಹಾಕಿದಾಗ ಮಾತ್ರ, ಕಾಡಿನ ಕಾಟಿ ಊರ ಗದ್ದೆಯಲ್ಲಿ ನಿಂತದ್ದು ಕಾಣುತ್ತದೆ. 'ತುಂಬಿದ ಬಿಂದುಗಳನ್ನು ಅದೇ ಸಂಜೆ ನಕ್ಷೆಯಲ್ಲಿ ಹಾಕಿ ನೋಡುವುದು ನನ್ನ ಅಭ್ಯಾಸ' ಎಂದು ಪತ್ರದಲ್ಲಿ ಬರೆದವಳನ್ನು, ಅದು ನಿಜವಾಗಿದ್ದರೆ, ಯಾವ ಸಂಶೋಧಕರೂ ಕೈಬಿಡಲಾರರು.

ಗಣತಿಗೆ ಹೋಗುವ ಅವಕಾಶ ಸಿಗದವರ ಕಥೆಯೇನು? ಅವರ ಕೈಯಲ್ಲೂ ತೋರಿಸಲು ಏನಾದರೂ ಇರಬಹುದು, ಅದನ್ನು ಅವರು ಅನುಭವವೆಂದು ಎಣಿಸಿರುವುದಿಲ್ಲ, ಅಷ್ಟೆ. ಇಬರ್ಡ್‌ನಲ್ಲಿ ಕಾಲೇಜಿನ ಆವರಣದ ಅಥವಾ ಊರ ಕೆರೆಯ ಹಕ್ಕಿಪಟ್ಟಿ ಹಾಕುವ ವಿದ್ಯಾರ್ಥಿಗಳು ಈಗ ನಮ್ಮಲ್ಲಿ ಸಾಕಷ್ಟಿದ್ದಾರೆ. ಅಲ್ಲಿ ಪ್ರತಿ ಪಟ್ಟಿಗೂ ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ, ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಎಂದು ಕೇಳುತ್ತದೆ. ಇವು ಸರ್ವೆಯ ಮೂಲ ಪ್ರಶ್ನೆಗಳೇ. ಕೊಕ್ಕರೆಯೊಂದನ್ನೇ ಬರೆದು ಕಾಗೆ, ಮೈನಾಗಳನ್ನು ಬಿಟ್ಟ ಪಟ್ಟಿಗಿಂತ, ಒಂದೇ ಕೆರೆಯನ್ನು ವಾರವಾರವೂ ಅದೇ ಹೊತ್ತಿಗೆ ನೋಡಿ ಹಾಕಿದ ಸಾಧಾರಣ ಪಟ್ಟಿಗಳು ಇಂಟರ್ನ್‌ಶಿಪ್ ಪತ್ರದಲ್ಲಿ ಹೆಚ್ಚು ಮಾತಾಡುತ್ತವೆ. ಅಪರೂಪದ ಹಕ್ಕಿಯ ಫೋಟೋವನ್ನು ಲಗತ್ತಿಸಬೇಕಾಗಿಲ್ಲ.

ಇನ್ನು ಹೊರಗೆ ದುಡಿಯುವ ಮಾತು. 'ಎಂಥ ಪರಿಸ್ಥಿತಿಯಲ್ಲೂ ಕೆಲಸ ಮಾಡುತ್ತೇನೆ' ಎಂಬ ಮಾತು ಓದುವವರನ್ನು ಖುಷಿಪಡಿಸುವುದಿಲ್ಲ, ಸ್ವಲ್ಪ ಆತಂಕವನ್ನೇ ಹುಟ್ಟಿಸುತ್ತದೆ. ಆನೆ ಕಂಡಾಗ ವಾಚರ್ ನಿಲ್ಲಿ ಎಂದರೆ ನಿಲ್ಲುವ, ಹಿಂದಕ್ಕೆ ಎಂದರೆ ಗೆರೆಯನ್ನು ಅರ್ಧಕ್ಕೇ ಬಿಟ್ಟು ಬರುವ ಮನುಷ್ಯ ಅವರಿಗೆ ಬೇಕು. ಮಲೆನಾಡಿನ ಕಾಡಾದರೆ ಋತು ನೋಡಿ ಬರೆಯಬೇಕು. ಮಳೆಗಾಲದಲ್ಲಿ ಇಂಬಳ, ಆರದ ಬಟ್ಟೆ, ತೊಯ್ದ ಕಾಗದ. ಬೇಸಿಗೆಯಲ್ಲಿ ಉಣ್ಣೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣೆಗಳಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಆ ಭಾಗದಲ್ಲಿ ಬೆಳೆದವಳು ಉದ್ದ ತೋಳಿನ ಬಟ್ಟೆ ಹಾಕಿ, ಕಾಡಿನಿಂದ ಬಂದ ಕೂಡಲೇ ಮೈ ನೋಡಿಕೊಂಡು ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯುವುದನ್ನು ಮನೆಯಲ್ಲೇ ಕಲಿತಿರುತ್ತಾಳೆ. ಅದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು, ಸಿದ್ಧತೆ ಎಷ್ಟಿದೆ ಎಂದು ಗೊತ್ತಾಗುತ್ತದೆ. ಆಸ್ತಮಾ, ಜೇನುಹುಳದ ಅಲರ್ಜಿ ಇದ್ದರೆ ಮುಚ್ಚಿಡದೆ, ಆಯ್ಕೆಯಾದ ಕೂಡಲೇ ತಿಳಿಸಬೇಕು. ಆಸ್ಪತ್ರೆಯಿಂದ ದೂರದ ಕ್ಯಾಂಪಿನಲ್ಲಿ ಅದು ಗೊತ್ತಾಗುವುದು ಎಲ್ಲರಿಗೂ ಅಪಾಯ.

ನಮ್ಮ ಹುಡುಗರು ಬರೆಯದೆ ಬಿಡುವ ಒಂದು ದೊಡ್ಡ ಅರ್ಹತೆಯಿದೆ, ಅದು ಕನ್ನಡ. ಪತ್ರ ಇಂಗ್ಲಿಷಿನಲ್ಲಿ ಹೋಗುತ್ತದೆ, ಹಾಗಾಗಿ ಭಾಷೆಯ ವಿಷಯದಲ್ಲಿ ಹಿಂಜರಿಕೆ ಮೊದಲೇ ಇರುತ್ತದೆ. ಆದರೆ ಕ್ಯಾಂಪಿನಲ್ಲಿ ದಾರಿ ತೋರಿಸುವವರು, ಹೆಜ್ಜೆ ಗುರುತಿಸುವವರು, ಆನೆಯ ವಾಸನೆ ಹಿಡಿಯುವವರು ಸ್ಥಳೀಯರೇ. ನಾಗರಹೊಳೆ ಕಡೆಯಾದರೆ ಬಹಳಷ್ಟು ಮಂದಿ ಜೇನುಕುರುಬರು. 'ಅಣ್ಣಾ, ಇದು ಇವತ್ತಿನ ಹೆಜ್ಜೆಯಾ?' ಎಂದು ಕೇಳಿ, ಅವರ ಉತ್ತರವನ್ನು ಇದ್ದ ಹಾಗೇ ಶೀಟಿಗೆ ಇಳಿಸಬಲ್ಲವರು ಎಷ್ಟು ಮಂದಿ ಸಿಗುತ್ತಾರೆ? ಬೆಳೆಹಾನಿಯ ಬಗ್ಗೆ ರೈತರನ್ನು ಮಾತಾಡಿಸುವ ಅಧ್ಯಯನಗಳಲ್ಲಂತೂ ಇದಿಲ್ಲದೆ ಕೆಲಸವೇ ಸಾಗದು. ಕನ್ನಡ, ತುಳು, ಬ್ಯಾರಿ, ಕೊಡವ, ಯಾವುದು ಗೊತ್ತೋ ಅದನ್ನು ಬಯೋಡೇಟಾದ ಕೊನೆಗೆ ತಳ್ಳದೆ ಪತ್ರದೊಳಗೇ ಬರೆಯಬೇಕು.

ಇದೆಲ್ಲ ಸೇರಿಯೂ ಪತ್ರ ಒಂದು ಪುಟ ದಾಟಬಾರದು. ಮೊದಲ ಪ್ಯಾರಾದಲ್ಲಿ ಯಾವ ಕೆಲಸಕ್ಕೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಲ್ಲೆ ಎಂಬುದು ಇರಲಿ. ಪರೀಕ್ಷೆಯ ದಿನಾಂಕ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ನಡುವೆ ಸರ್ವೆಗೊಂದು, ಡೇಟಾಗೊಂದು ಪ್ಯಾರಾ, ಆಮೇಲೆ ಕಾಡಿನ ಓಡಾಟ ಮತ್ತು ಭಾಷೆ. ಬೈಕ್ ಅಥವಾ ಜೀಪ್ ಓಡಿಸುವ ಲೈಸೆನ್ಸ್ ಇದ್ದರೆ ಒಂದು ಸಾಲು. ಪರಿಚಯ ಹೇಳಬಲ್ಲವರ ಹೆಸರು ಕೊಡುವಾಗ ವಿಭಾಗದ ಮುಖ್ಯಸ್ಥರ ಜೊತೆಗೆ, ಅವರ ಒಪ್ಪಿಗೆ ಪಡೆದು, ಗೆರೆಯ ಮೇಲೆ ನಿಮ್ಮ ಜೊತೆ ನಡೆದ ಫಾರೆಸ್ಟ್ ಗಾರ್ಡ್ ಹೆಸರನ್ನೂ ಕೊಡಿ. ಸಂಶೋಧಕರು ಮೊದಲು ಫೋನ್ ಮಾಡುವುದು ಅವರಿಗೇ ಇರಬಹುದು.